ತಯಾರಿಸಲಾಗುತ್ತಿತ್ತು

ಚೀಲದಂಗಡಿಯವರ ಮನೆಗೆ ಕಿರಿಸೊಸೆಯಾಗಿ ಬಂದವಳು ಮದುವೆಗೆ ಮುಂಚೆ ಜಾಹೀರಾತು ಕಂಪನಿಯೊಂದರಲ್ಲಿ ಬರೆಯುವ ಕೆಲಸದಲ್ಲಿದ್ದಳು. ಸೋಪಿನಿಂದ ಹಿಡಿದು ಸಿಮೆಂಟಿನವರೆಗೆ ಎಲ್ಲವನ್ನೂ ಹೊಗಳಿ ಕೈ ಪಳಗಿತ್ತು. ಹಾಗಾಗಿ ಅಂಗಡಿಯ ಹೆಸರಿನಲ್ಲಿ ಇಂಟರ್‌ನೆಟ್ಟಿನಲ್ಲೊಂದು ಪೇಜು ಬೇಕೆಂದು ಮನೆಯಲ್ಲಿ ತೀರ್ಮಾನವಾದಾಗ ಯಾರೂ ಅವಳನ್ನು ಕೇಳಲೇ ಇಲ್ಲ. ಕೆಲಸ ತಾನಾಗಿ ಬಂದು ಅವಳ ಹೆಗಲೇರಿತು. ಹೊಸ ಚೀಲ ಬಂದರೆ ಫೋಟೋ ತೆಗೆಯುವವಳು ಅವಳು, ಅದರ ಕೆಳಗೆ ನಾಲ್ಕು ಸಾಲು ಕ್ಯಾಪ್ಷನ್ ಬರೆಯುವವಳು ಅವಳು, ಜಿಪ್ ಕಿತ್ತುಹೋಯಿತೆಂದು ಯಾರಾದರೂ ಅಲ್ಲೇ ಕೂಗಾಡಿದರೆ ಸಮಾಧಾನ ಹೇಳುವವಳೂ ಅವಳೇ.

ದೊಡ್ಡ ಸಂದರ್ಭಗಳ ಬರವಣಿಗೆ ಮಾತ್ರ ಭಾವನವರ ಸ್ವತ್ತು. ಅವರು ಅವಳ ಗಂಡನ ಅಣ್ಣ, ಅಂಗಡಿಯ ಯಜಮಾನಿಕೆ ನೋಡುವವರು, ಮೇಲಾಗಿ ವರ್ತಕರ ಸಂಘದ ಕಾರ್ಯದರ್ಶಿ. ಸಂಘದಲ್ಲಿ ಭಾಷಣ ಮಾಡಿ ಮಾಡಿ ಅವರ ಕನ್ನಡ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯಂತಾಗಿತ್ತು; ಒಂದು ಸುಕ್ಕಿಲ್ಲ, ತೊಟ್ಟವರ ಕುತ್ತಿಗೆ ಮಾತ್ರ ಕೊರೆಯುತ್ತದೆ. ಬಾಯಲ್ಲಿ "ನೀರು ಕುಡಿದೆ" ಎನ್ನುವ ಮನುಷ್ಯ ಪೆನ್ನು ಹಿಡಿದರೆ "ಜಲಸೇವನೆ ಮಾಡಲಾಯಿತು" ಎಂದೇ ಬರೆಯುತ್ತಿದ್ದರು. ಶಾಲೆ ಶುರುವಾಗುವ ಹೊತ್ತಿಗೆ ಅವರು ಬರೆದು ಹಾಕಿಸಿದ ಕ್ಯಾಪ್ಷನ್ನಿಗೆ ಸಿಕ್ಕ ಮೆಚ್ಚುಗೆ ಇಷ್ಟೇ: ಅವರದೊಂದು, ಅವರ ಹೆಂಡತಿಯದೊಂದು, ಜಿಪ್ ಸರಬರಾಜು ಮಾಡುವವನದೊಂದು. ಕಾಲೇಜಿಗೆ ಹೋಗುವ ಅವರ ಮಗಳಂತೂ ಅದನ್ನು ಓದಿ, ಅಪ್ಪ ಟೆಂಡರ್ ಕರೆದ ಹಾಗಿದೆ ಎಂದು ನಕ್ಕುಬಿಟ್ಟಳು. ಆ ನಗು ಭಾವನವರಿಗೆ ನಾಟಿತು.

ಆದ್ದರಿಂದ ಅಂಗಡಿಗೆ ನಲವತ್ತು ತುಂಬಿದಾಗ ಅವರು ಕ್ಯಾಪ್ಷನ್ ಬರೆದು, ನೇರವಾಗಿ ಹಾಕಿಸದೆ, ತಮ್ಮನ ಹೆಂಡತಿಗೆ ಕಳಿಸಿದರು. ಜೊತೆಗೆ ಹಳೆಯ ಫೋಟೋ ಒಂದು. ವಿಷಯ ಬದಲಾಯಿಸುವುದು ಬೇಡ, ಎದುರು ಕೂತು ಮಾತಾಡಿದ ಹಾಗೆ ಸ್ವಲ್ಪ ಆತ್ಮೀಯವಾಗಿ ಮಾಡಿಕೊಡು ಎಂದು ಹೇಳಿ ಕಳಿಸಿದ್ದರು. ಅವಳಿಗೆ ಖುಷಿಯೇ ಆಯಿತು. ಭಾವ ಪೆನ್ನು ಬಿಟ್ಟುಕೊಟ್ಟರೆಂದರೆ ಸಾಮಾನ್ಯವೇ.

ಅಂಗಡಿಯ ಹಿಂದಿನ ಸಾಮಾನಿನ ಕೋಣೆಯಲ್ಲಿ, ರೆಗ್ಜಿನ್ ಸುರುಳಿಗಳ ನಡುವೆ ಕುರ್ಚಿ ಎಳೆದುಕೊಂಡು ಅವಳು ಓದಿದಳು:

"ಕೀರ್ತಿಶೇಷ ಯಜಮಾನರ ದೂರದೃಷ್ಟಿಯ ಫಲವಾಗಿ ಸ್ಥಾಪಿಸಲ್ಪಟ್ಟ ನಮ್ಮ ಸಂಸ್ಥೆಯು ನಲವತ್ತು ವಸಂತಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಸಮಸ್ತ ಗ್ರಾಹಕ ಬಂಧುಗಳಿಗೆ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸಲಾಗುತ್ತಿದೆ. ಆರಂಭದ ದಿನಗಳಲ್ಲಿ ಮನೆಯಲ್ಲಿಯೇ ಚೀಲಗಳನ್ನು ತಯಾರಿಸಲಾಗುತ್ತಿತ್ತು. ಈ ದಿಸೆಯಲ್ಲಿ ಕುಟುಂಬದ ಸದಸ್ಯರ ಸಹಕಾರವೂ ಸ್ಮರಣೀಯವಾದುದು."

ಇಂಥದ್ದನ್ನು ತಿದ್ದುವುದಕ್ಕೆ ಅವಳದೊಂದು ಪದ್ಧತಿಯಿತ್ತು. ಮೊದಲು ಗಟ್ಟಿಯಾಗಿ ಓದುವುದು. ಆಮೇಲೆ ಕೌಂಟರಿನಾಚೆ ಮಗುವಿನ ಕೈ ಹಿಡಿದು ನಿಂತ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳುವುದು. ಸಮಸ್ತ ಬಂಧುಗಳನ್ನಲ್ಲ, ಒಬ್ಬಳನ್ನು. ಆ ತಾಯಿಗೆ ಮುಖ ನೋಡಿ ಹೇಳಲಾಗದ ಮಾತು ಕ್ಯಾಪ್ಷನ್ನಿನಲ್ಲೂ ಇರಕೂಡದು. ಫೋನಿನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಜನ ಒತ್ತಿ ನೋಡಬೇಕು. ಕೀರ್ತಿಶೇಷ, ದೂರದೃಷ್ಟಿ ಎಂದು ಶುರುವಾದರೆ ಬೆರಳು ಮುಂದಕ್ಕೆ ಜಾರುತ್ತದೆ. "ಸಮಸ್ತ ಗ್ರಾಹಕ ಬಂಧುಗಳು" ಹೋಗಿ "ನೀವು" ಬಂತು. "ಕೃತಜ್ಞತೆಗಳನ್ನು ಸಲ್ಲಿಸಲಾಗುತ್ತಿದೆ" ಹೋಗಿ "ನೀವು ಬಂದ್ರಿ, ಅದಕ್ಕೇ ನಾವಿನ್ನೂ ಇದ್ದೀವಿ" ಎಂದಾಯಿತು. ವಸಂತಗಳು ವರ್ಷಗಳಾದವು. ಕೈ ಸರಾಗವಾಗಿ ಓಡುತ್ತಿತ್ತು.

"ತಯಾರಿಸಲಾಗುತ್ತಿತ್ತು" ಎಂಬಲ್ಲಿಗೆ ಬಂದು ನಿಂತಿತು.

ಮನುಷ್ಯರು ಹಾಗೆ ಮಾತಾಡುವುದಿಲ್ಲ. ಮನೆಯಲ್ಲೇ ಚೀಲ ತಯಾರಿಸಲಾಗುತ್ತಿತ್ತು ಎಂದರೆ ಕೌಂಟರಿನಾಚೆಯ ತಾಯಿ, ಯಾರು ತಯಾರಿಸ್ತಿದ್ರು ಎಂದು ಕೇಳಿಯೇ ಕೇಳುತ್ತಾಳೆ. ಮಾತಾಡಿದ ಹಾಗೆ ಬರೆಯಬೇಕಾದರೆ ಆ ಪ್ರಶ್ನೆಗೆ ಉತ್ತರ ಕೊಡದೆ ವಿಧಿಯಿಲ್ಲ. ಅವಳು ಫೋಟೋ ತೆರೆದಳು. ಮಾವ ನಿಂತಿದ್ದಾರೆ, ತೆಳ್ಳಗೆ, ನಾಚಿಕೆಯ ನಗು. ಅವರ ಪಕ್ಕದಲ್ಲಿ ಹೊಲಿಗೆ ಯಂತ್ರದ ತುದಿ. ಚೌಕಾಕಾರಕ್ಕೆ ಕತ್ತರಿಸಿದ ಚಿತ್ರದ ಅಂಚಿನಲ್ಲಿ, ಯಂತ್ರದ ಸೂಜಿಯ ಕೆಳಗೆ ಬಟ್ಟೆ ಒತ್ತಿ ಹಿಡಿದ ಒಂದು ಕೈ. ಮಣಿಕಟ್ಟಿನಿಂದಾಚೆಗೆ ಏನೂ ಇಲ್ಲ.

ಅವಳು ಎದ್ದು ಕತ್ತರಿಸುವ ಕೋಣೆಗೆ ಹೋದಳು. ಗಂಡ ಮೇಜಿನ ಮೇಲೆ ರೆಗ್ಜಿನ್ ಹರಡಿಕೊಂಡು, ರಟ್ಟಿನ ಅಚ್ಚಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಈ ಕೈ ಯಾರದು ಎಂದು ಕೇಳಿದರೆ, ತಲೆಯೆತ್ತದೆ, ಅಮ್ಮಂದು ಎಂದ. ಅಮ್ಮ ಹೊಲೀತಿದ್ದಳು, ಅಪ್ಪ ತಗೊಂಡು ಹೋಗಿ ಮಾರ್ತಿದ್ರು, ಇನ್ನೇನಿದೆ ಅದರಲ್ಲಿ ಎಂದ. ಆಗ ತಾನು ತೊಟ್ಟಿಲಲ್ಲಿದ್ದೆನೆಂದೂ ಬೇಕಾದರೆ ಅಮ್ಮನನ್ನೇ ಕೇಳಬೇಕೆಂದೂ ಸೇರಿಸಿದ.

ಅತ್ತೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದರು. ಮಂಡಿ ನೋವು ಬಂದ ಮೇಲೆ ಯಂತ್ರ ತುಳಿಯುವುದನ್ನು ಬಿಟ್ಟಿದ್ದರೂ, ಹೊಲಿದು ಮುಗಿದ ಚೀಲಗಳು ಮೊದಲು ಅವರ ಕೋಣೆಗೇ ಬರಬೇಕು. ಒಂದೊಂದನ್ನೂ ಒಳಮೈ ಹೊರಗೆ ಮಾಡಿ ತಿರುಗಿಸಿ, ಪಟ್ಟಿಯನ್ನು ಎರಡೂ ಕೈಯಲ್ಲಿ ಜಗ್ಗಿ, ಹೊಲಿಗೆ ತಪ್ಪಿದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಕೆಲಸಗಾರರು ಹಿಂದಿನಿಂದ ಅವರನ್ನು ಇನ್ಸ್‌ಪೆಕ್ಟರ್ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಸೊಸೆ ವಿಷಯ ಹೇಳಿದಳು. ಅತ್ತೆ ಚೀಲ ತಿರುಗಿಸುತ್ತಲೇ ಹಳೆಯದನ್ನು ಹೇಳಿದರು, ಯಾರದೋ ಮನೆಯ ಸುದ್ದಿ ಹೇಳುವಂತೆ. ಮಾವ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು, ಅಚ್ಚುಕೂಟ ಮುಚ್ಚಿತು. ಅದೇ ಸಮಯಕ್ಕೆ ದೊಡ್ಡ ಮಗನ ಶಾಲೆಯ ಚೀಲ ಹರಿಯಿತು. ಅತ್ತೆ ಹಳೆಯ ಆರಾಮಕುರ್ಚಿಯ ಕ್ಯಾನ್ವಾಸ್ ಬಿಚ್ಚಿ, ತವರಿನಿಂದ ತಂದಿದ್ದ ಯಂತ್ರದಲ್ಲಿ ಚೀಲ ಹೊಲಿದುಕೊಟ್ಟರು. ಹೆಗಲಿನ ಪಟ್ಟಿ ಕೂಡುವ ಕಡೆ ಚೌಕ ಹೊಲಿದು, ಅದರೊಳಗೆ ಅಡ್ಡಡ್ಡ ಗೀಟು ಹಾಕಿದ್ದರು. ಆನೆ ಕಟ್ಟಿ ಎಳೆದರೂ ಕೀಳುವ ಹಾಗಿರಲಿಲ್ಲ. ಶಾಲೆಯ ಮೇಡಂ ನೋಡಿ, ಎಲ್ಲಿ ತಗೊಂಡಿದ್ದು ಎಂದು ಕೇಳಿದರು. ಅಲ್ಲಿಂದ ಶುರು, ಪಕ್ಕದ ಮನೆ ಮಗುವಿಗೊಂದು, ಆಮೇಲೆ ಬೀದಿಗೆಲ್ಲ. ಮಾವ ಸೈಕಲ್ಲಿನ ಎರಡೂ ಕಡೆ ಚೀಲ ನೇತುಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದರು. ಮಹಾ ಸಂಕೋಚದ ಮನುಷ್ಯ. ಗಿರಾಕಿಗಳೆಲ್ಲ ಹೋಗುವವರೆಗೆ ಬಿಸಿಲಲ್ಲಿ ಹೊರಗೇ ನಿಂತಿದ್ದು, ಆಮೇಲೆ ಒಳಗೆ ಹೋಗಿ ಕೇಳುತ್ತಿದ್ದರು.

"ನಿಮ್ಮ ಭಾವ ಏನು ಬರೆದಿದ್ದಾನೆ, ಓದು ನೋಡೋಣ," ಎಂದರು ಅತ್ತೆ.

ಸೊಸೆ ಓದಿದಳು. ದೂರದೃಷ್ಟಿಗೆ ಅತ್ತೆ ಏನೂ ಅನ್ನಲಿಲ್ಲ. ತಯಾರಿಸಲಾಗುತ್ತಿತ್ತು ಎಂಬುದಕ್ಕೂ ಅನ್ನಲಿಲ್ಲ. ಕಡೆಯ ಸಾಲಿಗೆ ಮಾತ್ರ ಅವರ ಕೈ ಚೀಲದ ಒಳಗೇ ನಿಂತುಹೋಯಿತು.

"ಸಹಕಾರ ಅಂದ್ನಾ? ಸಹಕಾರ ಅಂದ್ರೆ ಪಕ್ಕದ್ಮನೆಯವರು ಬಂದು ಬೀರು ಸರಿಸಿಕೊಡೋದು ಕಣಮ್ಮ. ನಾನೇನು ಪಕ್ಕದ್ಮನೆಯವಳಾ?"

ಅಷ್ಟೇ ಹೇಳಿ ಮತ್ತೊಂದು ಚೀಲ ಎತ್ತಿಕೊಂಡರು. ಆದರೆ ಆಮೇಲೆ ಪಟ್ಟಿ ಜಗ್ಗಿದ ರಭಸಕ್ಕೆ ಒಳ್ಳೆಯ ಹೊಲಿಗೆಯೂ ಬಿಚ್ಚಿಕೊಂಡಿತು.

ಕಿರಿಸೊಸೆ ಕೆಳಗಿಳಿದು ಬಂದು ಒಂದೇ ಉಸಿರಿಗೆ ಬರೆದಳು.

"ಹರಿದ ಒಂದು ಸ್ಕೂಲ್ ಬ್ಯಾಗಿನಿಂದ ಶುರುವಾಗಿದ್ದು ಈ ಅಂಗಡಿ. ಹೊಸದು ತರೋ ಸ್ಥಿತಿ ಇರಲಿಲ್ಲ. ಅಮ್ಮ ಆರಾಮಕುರ್ಚಿಯ ಕ್ಯಾನ್ವಾಸ್ ಬಿಚ್ಚಿ, ಮಗನಿಗೆ ತಾವೇ ಒಂದು ಬ್ಯಾಗ್ ಹೊಲಿದರು. ಆಮೇಲೆ ಪಕ್ಕದ ಮನೆ ಮಗುವಿಗೆ, ಆಮೇಲೆ ಇಡೀ ಬೀದಿಗೆ. ಕಷ್ಟಪಟ್ಟು ಅಮ್ಮ ಹೊಲಿದಿದ್ದನ್ನ ಅಪ್ಪ ಸೈಕಲ್ ಮೇಲೆ ಹೊತ್ತು ಮಾರಿದರು. ನಲವತ್ತು ವರ್ಷ ಆಯ್ತು. ನೀವು ಬಂದ್ರಿ, ಅದಕ್ಕೇ ನಾವಿನ್ನೂ ಇದ್ದೀವಿ. ನಿಮ್ಮ ಮೊದಲ ಸ್ಕೂಲ್ ಬ್ಯಾಗ್ ನೆನಪಿದೆಯಾ? ಯಾವ ಬಣ್ಣ ಇತ್ತು?"

ಓದಿದಳು, ಇನ್ನೊಮ್ಮೆ ಗಟ್ಟಿಯಾಗಿ ಓದಿದಳು, ಭಾವನವರಿಗೆ ಕಳಿಸಿದಳು. ಕತ್ತರಿಸದ ಪೂರ್ತಿ ಫೋಟೋ ಇದ್ದರೆ ಬೇಕು ಎಂದೂ ಬರೆದಳು.

ಉತ್ತರ ಬಹಳ ಬೇಗ ಬಂತು. ಬಹಳ ಚೆನ್ನಾಗಿದೆ, ಕಣ್ಣಲ್ಲಿ ನೀರು ಬಂತು ಎಂದಿದ್ದರು ಭಾವ. ಒಂದೆರಡು ಸಣ್ಣ ತಿದ್ದುಪಡಿ ಮಾಡಿದ್ದೇನೆ, ಇದನ್ನೇ ಹಾಕು ಎಂದಿದ್ದರು. ಅವಳು ತೆರೆದು ನೋಡಿದಳು. "ಅಪ್ಪ ಆರಾಮಕುರ್ಚಿಯ ಕ್ಯಾನ್ವಾಸ್ ಬಿಚ್ಚಿ, ಮಗನಿಗೆ ತಾವೇ ಒಂದು ಬ್ಯಾಗ್ ಹೊಲಿದರು." ಎಲ್ಲ ಹಾಗೇ ಇತ್ತು. ಕುರ್ಚಿ, ಕ್ಯಾನ್ವಾಸ್, ಬೀದಿ, ಕಡೆಯ ಪ್ರಶ್ನೆ. ಅಮ್ಮ ಇದ್ದಲ್ಲೆಲ್ಲ ಅಪ್ಪ ಬಂದು ಕೂತಿದ್ದರು. ಕಷ್ಟಪಟ್ಟು ಹೊಲಿದವರೂ ಅಪ್ಪನೇ, ಹೊತ್ತು ಮಾರಿದವರೂ ಅಪ್ಪನೇ. ಅಮ್ಮ ಒಂದೇ ಕಡೆ ಉಳಿದಿದ್ದರು: "ಅಮ್ಮನ ಸಹಕಾರ ಸದಾ ಇತ್ತು."

ಮೊದಲಿನ ಬರಹ ಗಂಟಲು ಕಟ್ಟಿದ್ದಾಗಿತ್ತು, ನಿಜ. ಆದರೆ ಅದು ಮುಚ್ಚಿಟ್ಟಿತ್ತೇ ಹೊರತು ಸುಳ್ಳು ಹೇಳಿರಲಿಲ್ಲ. ಇದು ನೇರವಾಗಿ ಸುಳ್ಳಾಡುತ್ತಿತ್ತು. ಅದೂ ಅವಳೇ ಕೊಟ್ಟ ದನಿಯಲ್ಲಿ, ಕೇಳಿದವರ ಕಣ್ಣಲ್ಲಿ ನೀರು ಬರುವ ಹಾಗೆ. ಸೋಪಿಗೂ ಸಿಮೆಂಟಿಗೂ ಬರೆಯುವಾಗ ಅವಳು ಸುಳ್ಳು ಬರೆದಿರಲಿಲ್ಲ ಅಂತಲ್ಲ. ಆದರೆ ಸೋಪು ಮಹಡಿಯ ಮೇಲೆ ಕೂತು ಚೀಲ ಜಗ್ಗುತ್ತಿರಲಿಲ್ಲ.

ಅವಳು ಭಾವನವರ ಕೋಣೆಗೆ ಹೋದಳು. ಅದೇ ಹೊತ್ತಿಗೆ ಗಂಡನೂ ಯಾವುದೋ ಬಕಲ್ಲಿನ ಮಾದರಿ ತೋರಿಸಲು ಅಲ್ಲಿಗೆ ಬಂದಿದ್ದ. ಇದನ್ನು ಹಾಕಲಾರೆ, ಇದು ನಡೆದದ್ದಲ್ಲ ಎಂದಳು. ಭಾವ ಮೊದಲು ನಕ್ಕರು. ವಿಷಯ ಬದಲಾಯಿಸಬೇಡ ಅಂತ ನಾನು ಮೊದಲೇ ಹೇಳಿದ್ದೆನಲ್ಲ, ಬದಲಾಯಿಸಿದವಳು ನೀನು ಎಂದರು. ಬೋರ್ಡಿನ ಮೇಲೆ ಅಪ್ಪನ ಹೆಸರಿದೆ, ಚೀಲದ ಮೇಲೆ ಅಪ್ಪನ ಹೆಸರಿದೆ, ಈಗ ಬಂದು ಅಮ್ಮ ಎಂದರೆ ಜನಕ್ಕೆ ಗೊಂದಲವಾಗುತ್ತದೆ ಎಂದರು. ಜಾಹೀರಾತಿನಲ್ಲಿದ್ದವಳಿಗೆ ಇದು ತಿಳಿಯದೇ ಎಂದರು.

"ಮಾತಾಡಿದ ಹಾಗೆ ಮಾಡು ಅಂದ್ರಿ, ಮಾಡಿದೆ. ಮಾತಾಡಿದ ಹಾಗೆ ಮಾಡಿದ್ರೆ ಯಾರು ಹೊಲಿದಿದ್ದು ಅಂತ ಹೇಳ್ಲೇಬೇಕು ಭಾವ. ನಾನೇನು ಹೊಸದಾಗಿ ತಂದು ಸೇರಿಸಲಿಲ್ಲ."

ಭಾವನವರ ನಗು ಆರಿತು. ಕುರ್ಚಿಯಿಂದ ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದರು.

"ನಿನಗೇನಮ್ಮ ಗೊತ್ತು? ಹೆಂಡತಿ ಹೊಲೀತಾಳೆ, ಇವನು ಕೂತು ತಿಂತಾನೆ ಅಂತ ನಮ್ಮ ಚಿಕ್ಕಪ್ಪನೇ ನನ್ನೆದುರು ಅಪ್ಪನಿಗೆ ಹೇಳಿದ್ದ. ಅಪ್ಪ ತಲೆ ತಗ್ಗಿಸಿಕೊಂಡು ನಿಂತಿದ್ರು. ಅದನ್ನ ಈಗ ಊರಿಗೆಲ್ಲ ನಾನೇ ಬರೆದು ಹಂಚಲಾ?"

ಆ ಮನುಷ್ಯನ ಗಂಟಲಿನಲ್ಲಿ ಇಷ್ಟು ವರ್ಷ ಸಿಕ್ಕಿಕೊಂಡಿದ್ದ ಮುಳ್ಳು ಅವಳಿಗೂ ಕಂಡಿತು. ಆದರೆ ಮುಳ್ಳು ತೆಗೆಯಲು ಅಮ್ಮನ ಕೈ ಕತ್ತರಿಸಬೇಕೇ ಎಂದು ಮರುಕ್ಷಣವೇ ಸಿಟ್ಟೂ ಬಂತು. ಗಂಡನ ಕಡೆ ನೋಡಿದಳು. ಅವನು ಬಕಲ್ಲನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದ. ಒಂದು ಪೋಸ್ಟಿಗೆ ಇಷ್ಟು ಯಾಕೆ, ಹೋಗ್ಲಿ ಬಿಡು ಎಂದ.

"ಹಾಗಾದ್ರೆ ನಿಮ್ಮ ಮೊದಲಿನದ್ದನ್ನೇ ಹಾಕಿ ಭಾವ. ಅದು ನಿಮ್ಮ ಮಾತು, ನಾನು ಅಡ್ಡ ಬರಲ್ಲ. ನನ್ನ ಮಾತಿನೊಳಗೆ ಮಾತ್ರ ಇದನ್ನ ತುಂಬಬೇಡಿ."

ಭಾವ ಒಪ್ಪಲಿಲ್ಲ. ಅವರಿಗೂ ರುಚಿ ಹತ್ತಿತ್ತು. ತಯಾರಿಸಲಾಗುತ್ತಿತ್ತು ಎಂಬುದಕ್ಕೆ ವಾಪಸು ಹೋಗಲು ಯಾರಿಗೆ ಮನಸ್ಸು ಬರುತ್ತದೆ. ಪೇಜಿನ ಪಾಸ್‌ವರ್ಡ್ ತಮ್ಮ ಬಳಿಯೂ ಇದೆ ಎಂದು ನೆನಪಿಸಿದರು. ಅವಳು ಎದ್ದು ಬಂದಳು. ಸಾಮಾನಿನ ಕೋಣೆಯ ರೆಗ್ಜಿನ್ ಸುರುಳಿಗಳ ನಡುವೆ ಕೂತು ಯಾರಿಗೂ ಕೇಳದಂತೆ ಭಾವನಿಗೆ, ಗಂಡನಿಗೆ, ಕೊನೆಗೆ ಇಷ್ಟು ಚೆನ್ನಾಗಿ ಬರೆದುಕೊಟ್ಟ ತನಗೂ ಬಯ್ದುಕೊಂಡಳು.

ಕ್ಯಾಪ್ಷನ್ ಸಂಜೆಗೇ ಪೇಜಿಗೆ ಬಿತ್ತು, ಕೈ ಮಾತ್ರ ಉಳಿದ ಫೋಟೋದ ಜೊತೆಗೆ. ಅಂಗಡಿಯ ಇತಿಹಾಸದಲ್ಲೇ ಇಲ್ಲದಷ್ಟು ಮೆಚ್ಚುಗೆ ಬಂತು. ಕೆಂಪು ಬ್ಯಾಗ್, ನೀಲಿ ಬ್ಯಾಗ್, ಅಣ್ಣನ ಹಳೇ ಬ್ಯಾಗ್ ಎಂದು ಜನ ಬರೆದರು. ಅಂಥಾ ತಂದೆ ಪಡೆದ ನೀವೇ ಧನ್ಯರು ಎಂದು ಸಂಘದ ಅಧ್ಯಕ್ಷರೂ ಬರೆದರು.

ಮಾರನೆಯ ದಿನ ರಜೆ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮಹಡಿಯಲ್ಲಿ ಕೂತಿದ್ದರು. ಓರಗಿತ್ತಿ ಬಡಿಸುತ್ತಿದ್ದಳು. ಭಾವನ ಮಗಳು ಫೋನ್ ಹಿಡಿದು, ಅಜ್ಜೀ, ಅಪ್ಪ ಎಷ್ಟು ಚೆನ್ನಾಗಿ ಬರೆದಿದ್ದಾರೆ ಗೊತ್ತಾ, ಜನ ಅಳ್ತಿದ್ದಾರೆ ಎಂದಳು. ಅವಳಿಗೆ ಪಾಪ ಏನೂ ತಿಳಿಯದು. ಓದಲು ಬಾಯಿ ತೆರೆದಳು. ಕಿರಿಸೊಸೆ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ನೀನು ಬೇಡ. ಬರೆದವನು ಓದಲಿ," ಎಂದರು ಅತ್ತೆ.

ಭಾವ ಕೈ ಎಂಜಲಾಗಿದೆ ಎಂದರು. ಎಡಗೈಯಲ್ಲಿ ಹಿಡಿದುಕೋ ಎಂದರು ಅತ್ತೆ. ಭಾವ ಫೋನ್ ತೆಗೆದುಕೊಂಡು ಓದತೊಡಗಿದರು. ಹರಿದ ಒಂದು ಸ್ಕೂಲ್ ಬ್ಯಾಗಿನಿಂದ ಶುರುವಾಗಿದ್ದು ಈ ಅಂಗಡಿ. ದನಿ ಚೆನ್ನಾಗಿತ್ತು. ಹೊಸದು ತರೋ ಸ್ಥಿತಿ ಇರಲಿಲ್ಲ. ಅಪ್ಪ, ಎಂದರು. ಮತ್ತೊಮ್ಮೆ, ಅಪ್ಪ ಆರಾಮಕುರ್ಚಿಯ, ಎಂದರು. ಅಮ್ಮ ಎದುರಿಗೇ ಕೂತು, ಉಣ್ಣುವುದನ್ನು ನಿಲ್ಲಿಸಿ, ಮಗನ ಮುಖವನ್ನೇ ನೋಡುತ್ತಿದ್ದರು. ದೂರದೃಷ್ಟಿ, ಸ್ಥಾಪಿಸಲ್ಪಟ್ಟ, ಸ್ಮರಣೀಯ ಇವನ್ನೆಲ್ಲ ಆತ ಅಮ್ಮನ ಮುಂದೆ ಸಂಘದ ವೇದಿಕೆಯಲ್ಲಿ ಎಷ್ಟೋ ಸಲ ಸಲೀಸಾಗಿ ಹೇಳಿದ್ದುಂಟು. ಇದು ಮನೆಯಲ್ಲಿ ಆಡುವ ಮಾತು. ಮುಖ ನೋಡಿಕೊಂಡು ಹೇಳುವುದಕ್ಕೇ ಮಾಡಿದ್ದು. ಅದು ಬಾಯಿಂದ ಈಚೆಗೆ ಬರಲಿಲ್ಲ.

"ಓದು," ಎಂದರು ಅತ್ತೆ.

ಭಾವ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ನಿಮ್ಮಪ್ಪನಿಗೆ ಸೂಜಿಗೆ ದಾರ ಪೋಣಿಸೋಕೆ ಬರ್ತಿರ್ಲಿಲ್ಲ," ಎಂದರು ಅತ್ತೆ. ದನಿ ಏರಿಸಲಿಲ್ಲ. "ಅವರು ಬಿಸಿಲಲ್ಲಿ ನಿಂತು, ಬೇಡ ಅನ್ನಿಸ್ಕೊಂಡು, ಮತ್ತೆ ಮಾರನೇ ದಿನ ಅದೇ ಅಂಗಡಿಗೆ ಹೋಗ್ತಿದ್ರು. ನನಗೆ ಅದು ಆಗ್ತಿರ್ಲಿಲ್ಲ, ಒಂದೇ ದಿನಕ್ಕೆ ಜಗಳ ಆಡ್ಕೊಂಡು ಬರ್ತಿದ್ದೆ. ಅಂಥ ಅಪ್ಪ ಸಾಲಲಿಲ್ವಾ ನಿಂಗೆ? ನಿಮ್ಮ ಚಿಕ್ಕಪ್ಪ ಹೇಳಿದ್ದೇ ನಿಜ ಅಂತ ನೀನೂ ಒಪ್ಕೊಂಡ್ಬಿಟ್ಟೆಯಲ್ಲ."

ಓರಗಿತ್ತಿಯ ಕೈಯಲ್ಲಿ ಸೌಟು ಹಾಗೇ ಇತ್ತು. ಮಗಳು ಅಪ್ಪನನ್ನೂ ಅಜ್ಜಿಯನ್ನೂ ನೋಡಿ, ಕೊನೆಗೆ ಚಿಕ್ಕಮ್ಮನ ಕಡೆ ತಿರುಗಿದಳು. ಹೇಳಬೇಕಾದ್ದನ್ನು ಹೇಳಬೇಕಾದವರು ಹೇಳಿಯಾಗಿತ್ತು. ಭಾವ ಊಟ ಅರ್ಧಕ್ಕೆ ಬಿಡಲಿಲ್ಲ. ಪೂರ್ತಿ ಮುಗಿಸಿ, ತಟ್ಟೆ ತಾವೇ ಎತ್ತಿಟ್ಟು, ಕೆಳಗೆ ಹೋದರು. ಅವರು ಎಂದೂ ತಟ್ಟೆ ಎತ್ತಿದ್ದನ್ನು ಆ ಮನೆ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಪೇಜಿನಿಂದ ಆ ಪೋಸ್ಟು ಮಾಯವಾಯಿತು. ಕ್ಷಮೆ ಗಿಮೆ ಏನೂ ಬರಲಿಲ್ಲ. ಕಿರಿಸೊಸೆಯ ಫೋನಿಗೆ ಒಂದು ಫೋಟೋ ಮಾತ್ರ ಬಂತು, ಹಳೆಯ ಆಲ್ಬಮ್ಮಿನಿಂದ ಮತ್ತೆ ತೆಗೆದದ್ದು, ಪೂರ್ತಿ. ಯಂತ್ರದ ಮುಂದೆ ಎಳೆಯ ಹೆಂಗಸೊಬ್ಬಳು, ಕ್ಯಾಮೆರಾ ಕಡೆ ನೋಡಲೂ ಪುರುಸೊತ್ತಿಲ್ಲದೆ ಹುಬ್ಬು ಗಂಟಿಕ್ಕಿ ಹೊಲಿಯುತ್ತಿದ್ದಾಳೆ. ಕೆಳಗೆ ಭಾವ ಬರೆದಿದ್ದರು: ನಿನ್ನದನ್ನೇ ಹಾಕು. ಸಂಘದವರಿಗೆ ನಾನು ಹೇಳಿಕೊಳ್ಳುತ್ತೇನೆ. ಸ್ವಲ್ಪ ತಡೆದು ಇನ್ನೊಂದು ಸಾಲು: "ದೂರದೃಷ್ಟಿ" ಎಂಬ ಪದ ಎಲ್ಲಾದರೂ ಸೇರಿಸಲು ಸಾಧ್ಯವೇ?

ಸಾಧ್ಯವಿಲ್ಲ ಎಂದು ಅವಳು ಉತ್ತರಿಸಿದಳು.

ಗಂಡ ಬಂದು, ಎಲ್ಲ ಸರಿಹೋಯಿತಲ್ಲ, ಇನ್ನೂ ಯಾಕೆ ಮುಖ ಊದಿಸಿಕೊಂಡಿದ್ದೀಯ ಎಂದ. ಸರಿಹೋದದ್ದು ನಿನ್ನಿಂದಲ್ಲ ಎಂದಳು ಅವಳು. ಅಮ್ಮ ಹೊಲಿದಳು ಎಂದು ಮೊದಲು ನನಗೆ ಹೇಳಿದವನು ನೀನು, ಅಣ್ಣನ ಎದುರು ಬಕಲ್ ಆಡಿಸುತ್ತ ನಿಂತವನೂ ನೀನೇ ಎಂದಳು. ಅವನು ಕತ್ತರಿಸುವ ಕೋಣೆಗೆ ವಾಪಸು ಹೋದ. ಆ ಸಿಟ್ಟು ಅವಳಲ್ಲಿ ಬಹಳ ದಿನ ಇತ್ತು.

ಹಾಕುವುದಕ್ಕೆ ಮುಂಚೆ ಅವಳು ತನ್ನ ಬರಹವನ್ನು ಮಹಡಿಗೆ ಒಯ್ದು ಅತ್ತೆಗೆ ಓದಿ ಹೇಳಿದಳು. ಅತ್ತೆ ಕಿಟಕಿಯ ಬೆಳಕಿಗೆ ಫೋಟೋ ಹಿಡಿದು ತಮ್ಮನ್ನೇ ಯಾರೋ ಎಂಬಂತೆ ನೋಡುತ್ತ ಕೇಳಿಸಿಕೊಂಡರು. ಮುಗಿದ ಮೇಲೆ, ಒಂದು ಪದ ತೆಗೆಯಬೇಕು ಎಂದರು.

ಯಾವುದು ಎಂದು ಕೇಳಿದಳು ಸೊಸೆ.

"ಕಷ್ಟಪಟ್ಟು ಅಂತ ಬರೆದಿದ್ದೀಯಲ್ಲ, ಅದು. ಹೊಲಿಯೋದು ನಂಗೆ ಕಷ್ಟ ಅನ್ನಿಸ್ಲೇ ಇಲ್ಲ ಕಣೇ. ಸಿಟ್ಟಲ್ಲಿ ಹೊಲೀತಿದ್ದೆ."

ಸೊಸೆ ಕಷ್ಟಪಟ್ಟು ಎಂಬುದನ್ನು ಅಳಿಸಿದಳು. ಅಲ್ಲಿ ಏನು ಬರೆಯಲಿ ಎಂದು ಕೇಳಿದಳು. ಅತ್ತೆ ಯೋಚಿಸಿ, ಏನೂ ಬೇಡ, ಹೊಲಿದಳು ಅಂತ ಹಾಕು ಸಾಕು ಎಂದರು.